ನಲವತ್ತೊಂದು ದಿನದ ಮೇಲೊಂದು ಮೆಸೇಜು

ಕಂತು ಒಂಬತ್ತು

"ಈ ಸೀಟು ಯಾರಿಗೆ ಹಿಡದೀ ಬೇಟಾ? ಅವನಿಗೇನು?"

ಮೌನೇಶ್ವರಿ ಬೆಚ್ಚಿ ತಲೆ ಎತ್ತಿದಳು. ರಾಯಚೂರಿನಿಂದ ಮಾನ್ವಿಗೆ ಹೊರಡುವ ಎಂಟೂವರೆಯ ಬಸ್ಸು. ಕಿಟಕಿಯ ಪಕ್ಕ ತಾನು ಕೂತು, ಪಕ್ಕದ ಸೀಟಿನ ಮೇಲೆ ಚೀಲವಿಟ್ಟಿದ್ದಳು. ಆನಂದ ಬಂದರೂ ಬರಬಹುದು ಎಂಬ ಆಸೆ. ಬಂದದ್ದು ಅನ್ವರಿ ಬೇಗಂ.

ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾಗಿ, ಈಗ ರಾಯಚೂರಿನ ತೀನ್ ಕಂದಿಲ್ ಹತ್ತಿರ ಬ್ಲೌಸ್ ಹೊಲಿಯುವ ಹೆಂಗಸು. ಹೊಲಿಗೆ ಬಿಟ್ಟು ಮತ್ತೆ ಹಳೇ ಕೆಲಸಕ್ಕೆ ಇಳಿದಿದ್ದಕ್ಕೆ ಕಾರಣ ಒಂದೇ. ಹೋದ ವಾರ ಸೋಮವಾರ ಸಂಜೆ ಎಂಟಕ್ಕೆ ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಕಾವಲುಗಾರ ಮೀರಾಹುಸೇನನ ತಲೆಗೆ ಯಾರೋ ಹೊಡೆದಿದ್ದರು. ಅವನು ಅನ್ವರಿಯ ಖಾಸಾ ತಮ್ಮ. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಚೀಲ ತಗಿ. ಒಂದೂವರಿ ತಾಸಿನ ದಾರಿ, ನಿಂತು ಬರಾಕ ನನ್ನ ಮಣಕಾಲ ಕೇಳೂದಿಲ್ಲ."

ಮೌನೇಶ್ವರಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. "ನಿನ್ನೆ ಲ್ಯಾಬಿಗೆ ಬಂದಾಗೇ ಹೇಳೀನಿ ಖಾಲಾ. ಸೋಮವಾರ ಸಂಜಿ ಆನಂದ ದೇವದುರ್ಗದಾಗ ನಮ್ಮವ್ವನ ಮನ್ಯಾಗ ಇದ್ದ. ನಾನೂ ಇದ್ದೆ. ಹನ್ನೊಂದಕ್ಕ ಠಾಣೆದಾಗ ಅದನ್ನೇ ಹೇಳ್ತೀನಿ."

"ಹೇಳು. ಬಾಯಿ ನಿಂದು." ಅನ್ವರಿ ಎಲೆಅಡಿಕೆಯ ಡಬ್ಬಿ ತೆಗೆದಳು. "ಆದ್ರ ಹೇಳೂಕಿಂತ ಮೊದಲು ನನಗೊಂದು ತಿಳಿಸು. ಅವ ನಿನಗ ಮಾತು ಬಿಟ್ಟು ಎಷ್ಟು ದಿನ ಆಗಿತ್ತು?"

ಮೌನೇಶ್ವರಿ ಕಿಟಕಿಯ ಹೊರಗೆ ನೋಡಿದಳು. ಎಷ್ಟು ದಿನ ಎಂದು ಅವಳಿಗೆ ಬೆರಳೆಣಿಸದೆಯೇ ಗೊತ್ತು. ನಲವತ್ತೊಂದು.

ಆನಂದ ಸಾರ್ಟೆಕ್ಸ್ ಮೆಕ್ಯಾನಿಕ್ಕು. ಅಕ್ಕಿಯಲ್ಲಿನ ಕಪ್ಪು ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಗಾಳಿಯಿಂದ ಹಾರಿಸುವ ಯಂತ್ರ ಅದು. ರಾಯಚೂರು, ಸಿರವಾರ, ಮಾನ್ವಿಯ ಮಿಲ್ಲುಗಳಲ್ಲಿ ಕೆಟ್ಟಾಗಲೆಲ್ಲ ಅವನನ್ನೇ ಕರೆಯುತ್ತಿದ್ದರು. ಜ್ವರ ಬಂದು ರಕ್ತಪರೀಕ್ಷೆಗೆ ಅವಳ ಲ್ಯಾಬಿಗೆ ಬಂದವನು, ಸೂಜಿ ಕಂಡು ಕಣ್ಣು ಮುಚ್ಚಿ, "ಮೇಡಂ, ಮಾತಾಡಕೋತ ಚುಚ್ಚರಿ, ತಿಳಿಯಂಗಿಲ್ಲ" ಅಂದಿದ್ದ. ಮಾತು ಅಲ್ಲಿಂದ ಶುರುವಾಗಿ ಆರು ತಿಂಗಳು ನಡೆದಿತ್ತು. ಆಮೇಲೆ ಒಂದು ದಿನ ನಿಂತಿತು. ಜಗಳವಿಲ್ಲ, ಕಾರಣವಿಲ್ಲ. ಅವಳು ಕಳಿಸಿದ "ಊಟ ಆಯ್ತಾ" ಎಂಬುದರ ಮುಂದೆ ಎರಡು ನೀಲಿ ಗೆರೆ ಬಿದ್ದವು, ಅಷ್ಟೇ.

ಪೊಲೀಸರು ಶನಿವಾರ ಅವನನ್ನು ಕರೆಸಿದ್ದರು. ಮೀರಾಹುಸೇನ ಬಿದ್ದಿದ್ದ ಜಾಗದಲ್ಲಿ ಸಾರ್ಟೆಕ್ಸ್ ಗಾಜು ಒರೆಸುವ ಹಳದಿ ಬಟ್ಟೆ ಸಿಕ್ಕಿತ್ತು. ಆ ತಿಂಗಳು ಆ ಮಿಲ್ಲಿಗೆ ಅವನನ್ನು ಯಾರೂ ಕರೆದಿರಲಿಲ್ಲ.

"ನಲವತ್ತೊಂದು," ಎಂದಳು ಕೊನೆಗೆ.

"ಆಮ್ಯಾಲ?"

"ಗುರುವಾರ ಮೆಸೇಜ್ ಮಾಡಿದ."

"ಏನಂತ?"

"ಏನೋ ಒಂದು."

"ಅರೆ, ನನಗೇನು ಲವ್ ಮಾಡೂದು ಅದ ಏನು ಈ ವಯಸ್ಸಿನಾಗ? ತೋರ್ಸು."

ಮೌನೇಶ್ವರಿ ಫೋನನ್ನು ಎದೆಗೊತ್ತಿಕೊಂಡಳು. ಹಳೇ ಚಾಟ್ ಎಲ್ಲ ಅಳಿಸು ಎಂದು ಆನಂದ ಭಾನುವಾರವೇ ಹೇಳಿದ್ದ. "ಹಳೇದು ಎಲ್ಲಾ ತಗದು ಹಾಕು, ಹೊಸದಾಗಿ ಶುರು ಮಾಡೋಣ." ಎಷ್ಟು ಚೆಂದದ ಮಾತು ಅನಿಸಿತ್ತು. ಆದರೂ ಬೆರಳು ಬಂದಿರಲಿಲ್ಲ. ಆ ನಲವತ್ತೊಂದು ದಿನದಲ್ಲಿ ಅವಳು ಎಷ್ಟು ಸಲ ಮೇಲಕ್ಕೆ ಸರಿಸಿ, ಕೆಳಕ್ಕೆ ಸರಿಸಿ ಓದಿದ್ದಳೆಂದರೆ, ಅದು ಅವಳದೇ ಮನೆಯ ಗೋಡೆಯಂತಾಗಿತ್ತು.

ಕಲ್ಲೂರು ದಾಟುವಷ್ಟರಲ್ಲಿ ಫೋನು ಅನ್ವರಿಯ ಕೈಯಲ್ಲಿತ್ತು. ಅನ್ವರಿ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಜೋರಾಗಿ ಓದಿದಳು.

"ಗುರುವಾರ ಮಧ್ಯಾಹ್ನ ಮೂರು ಹತ್ತು. ಏನ್ರೀ ಮೇಡಂ, ಮರತೇ ಬಿಟ್ರೇನು?"

ಮುಂದಿನ ಸೀಟಿನ ಅಜ್ಜಿ ಹಿಂದೆ ತಿರುಗಿದಳು.

"ಮೆಲ್ಲಕ ಓದ್ರಿ!"

"ಮರತಾಂವ ಅವ. ಕೇಳಾಂವನೂ ಅವ. ವಾಹ್." ಅನ್ವರಿ ಬೆರಳಿನಿಂದ ಕೆಳಗೆ ಸರಿಸಿದಳು. "ನೀ ಎರಡ ನಿಮಿಷಕ್ಕ ಉತ್ತರ ಕೊಟ್ಟೀ. ಅದೂ ನಾಕ ಸಾಲು. ಅವ ಒಂದು ನಗೂ ಮುಖ ಹಾಕ್ಯಾನ. ಎಲ್ಲಿದ್ದಿ ಇಷ್ಟು ದಿನ ಅಂತ ಕೇಳೀದಿ. ಸ್ವಲ್ಪ ಬಿಜಿ ಇದ್ದೆ. ಇಷ್ಟೇ. ಶುಕ್ರವಾರ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ಮತ್ತ ನೀ ಇಷ್ಟುದ್ದ ಬರದೀ. ಅವ ಹೆಬ್ಬೆಟ್ಟು ತೋರ್ಸ್ಯಾನ."

"ಅವನಿಗೆ ಬರಿಯೂದು ಬರೂದಿಲ್ಲ ಖಾಲಾ. ಮನಸ್ಸಿನಾಗ ಇರ್ತದ."

"ಶನಿವಾರ ರಾತ್ರಿ ಇಪ್ಪತ್ತೆರಡು ನಿಮಿಷ ಕಾಲ್. ಮಧ್ಯಾಹ್ನ ಪೊಲೀಸರು ಕರಸ್ಯಾರ, ರಾತ್ರಿ ಮನಸ್ಸು ಬಾಯಿಗೆ ಬಂದದ."

ಮೌನೇಶ್ವರಿಯ ಮುಖ ಕೆಂಪಾಯಿತು. ಇದಕ್ಕೆ ಅವಳ ಹತ್ತಿರ ಉತ್ತರವಿತ್ತು. ಮೂರು ದಿನದಿಂದ ತನಗೆ ತಾನೇ ಹೇಳಿಕೊಂಡು ಗಟ್ಟಿ ಮಾಡಿದ ಉತ್ತರ. "ಪೊಲೀಸರು ಕರಿಸಿದ್ದು ಶನಿವಾರ. ಅವ ಮೆಸೇಜ್ ಮಾಡಿದ್ದು ಗುರುವಾರ. ಎರಡ ದಿನ ಮೊದಲು. ಅವನಿಗೆ ನನ್ನಿಂದ ಏನೂ ಬೇಕಿರಲಿಲ್ಲ ಆವಾಗ. ನೆನಪಾತು, ಮಾಡಿದ."

"ಅಥವಾ," ಎಂದಳು ಅನ್ವರಿ ನಿಧಾನವಾಗಿ ಸುಣ್ಣ ಸವರುತ್ತ, "ಪೊಲೀಸರು ಕರೀತಾರ ಅನ್ನೂದು ಪೊಲೀಸರಿಗಿಂತ ಮೊದಲು ಅವನಿಗೆ ಗೊತ್ತಿತ್ತು."

ಬಸ್ಸು ಗುಂಡಿಯಲ್ಲಿ ಹಾರಿತು. ಮೌನೇಶ್ವರಿ ಮುಂದಿನ ಸೀಟಿನ ಕಂಬಿ ಹಿಡಿದಳು.

"ನನ್ನ ಅಂಗಡಿಗೆ ಬಟ್ಟಿ ಕೊಟ್ಟು ತಿಂಗಳಾನುಗಟ್ಟಲೆ ನಾಪತ್ತೆ ಆಗೋರು ಭಾಳ ಮಂದಿ ಅದಾರ," ಎಂದಳು ಅನ್ವರಿ. "ಒಬ್ಬಾಕಿ ಬರ್ತಾಳ, ಬೀಬಿ ತಪ್ಪಾತು, ಅತ್ತಿಗೆ ಆರಾಮಿರಲಿಲ್ಲ ಅಂತಾಳ. ನಿನ್ನ ಮಣಕಾಲ ಹೆಂಗದ ಅಂತ ಕೇಳ್ತಾಳ. ಆಕಿಗೆ ನಾನೂ ಬೇಕು, ಬಟ್ಟೀನೂ ಬೇಕು. ಇನ್ನೊಬ್ಬಾಕಿ ಸಂತಿಗೆ ಬಂದಾಕಿ, ಬಸ್ಸಿಗೆ ಟೈಮ್ ಅದ ಅಂತ ಒಳಗ ಬಂದು ನಾಕ ಮಾತಾಡಿ ಹೋಗ್ತಾಳ. ಬ್ಯಾಸರ ಕಳಿಯಾಕ. ಮೂರನೇದಾಕಿ ಬಂದು ಬೀಬಿ, ನಿನ್ನಂಥ ಕೈ ಯಾರಿಗೂ ಇಲ್ಲ ಅಂತಾಳ. ನಾಳಿನೇ ಲಗ್ನ ಇರ್ತದ ಆಕಿಗೆ."

"ಅವ ನಮ್ಮವ್ವನ ನೋಡಾಕ ಬರ್ತೀನಿ ಅಂದಾನ!"

ಇಡೀ ಬಸ್ಸಿಗೆ ಕೇಳುವಂತೆ ಬಂತು ಆ ಮಾತು. ಅಜ್ಜಿ ಈಗ ಪೂರ್ತಿ ತಿರುಗಿಯೇ ಕೂತಳು.

ಅದೇ ಮಾತು ಮೌನೇಶ್ವರಿಯನ್ನು ಈ ಬಸ್ಸು ಹತ್ತಿಸಿತ್ತು. ಆರು ತಿಂಗಳು ಅವಳು ಬೇಡಿದ್ದು ಇದನ್ನೇ, ಒಂದು ಸಲ ದೇವದುರ್ಗಕ್ಕೆ ಬಾ, ಅವ್ವನ ಮುಂದೆ ಕೂತು ಒಂದು ಕಪ್ ಚಹಾ ಕುಡಿ. ಈಗ ಅವನೇ ಹೇಳಿದ್ದ: "ಸೋಮವಾರ ನಿಮ್ಮನಿಗೆ ಬಂದಿದ್ದೆ ಅಂತ ಹೇಳು. ಹೆಂಗೂ ಬರಾಂವನೇ ಇದ್ದೆ." ಠಾಣೆಯ ಕಾಗದದ ಮೇಲೆ ಅದು ಬರೆದಾದರೆ, ಆನಂದ ಅವಳವ್ವ ಬಸ್ಸಮ್ಮನ ಮನೆಗೆ ಬಂದುಹೋದ ಗಂಡು ಎಂದಾಗುತ್ತದೆ. ಊರಿಗೆ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಗೊತ್ತಾಗುತ್ತದೆ.

ಅವಳು ಎಂದರೆ ಕಾವ್ಯಾ. ಮಿಲ್ಲಿನ ಮಾಲೀಕ ಮರಿಸ್ವಾಮಿಯವರ ಮಗಳು.

ಕಾವ್ಯಾಳ ನಂಬರು ಮೌನೇಶ್ವರಿಗೆ ಸಿಕ್ಕದ್ದು ಲ್ಯಾಬಿನ ರಿಜಿಸ್ಟರಿನಲ್ಲಿ. ಥೈರಾಯ್ಡ್ ಪರೀಕ್ಷೆಗೆ ಬಂದಿದ್ದಳು. ಹಾಗೆ ನಂಬರು ತೆಗೆದುಕೊಳ್ಳಬಾರದು ಎಂದು ಗೊತ್ತಿದ್ದೂ ತೆಗೆದುಕೊಂಡಿದ್ದಳು. ಆಮೇಲೆ ದಿನವೂ ಅದೇ ಕೆಲಸ. ಆನಂದನ ಚಾಟ್ ತೆರೆದರೆ ಅವನು ಆನ್‌ಲೈನ್. ಕಾವ್ಯಾಳದು ತೆರೆದರೆ ಅವಳೂ ಆನ್‌ಲೈನ್. ಹತ್ತು ಹದಿನಾಲ್ಕಕ್ಕೆ ಇಬ್ಬರೂ. ಹತ್ತು ಇಪ್ಪತ್ತಕ್ಕೆ ಇಬ್ಬರೂ. ಕಾವ್ಯಾ ಹೊಸ ಫೋಟೊ ಹಾಕಿದರೆ ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಅವಳ ತಂಪು ಕನ್ನಡಕದಲ್ಲಿ ಫೋಟೊ ತೆಗೆದವನ ನೆರಳು ಹುಡುಕುತ್ತಿದ್ದಳು. ಒಮ್ಮೆ ಅಲ್ಲಿ ಆನಂದನ ಅಂಗಿಯ ಚೌಕುಳಿ ಕಂಡಂತಾಗಿ ಎರಡು ದಿನ ಊಟ ಸೇರಿರಲಿಲ್ಲ.

"ಸೋಮವಾರ ಸಂಜಿ ನಿನ್ನ ಡ್ಯೂಟಿ ಯಾವುದಿತ್ತು?" ಅನ್ವರಿ ಕೇಳಿದಳು.

ಮೌನೇಶ್ವರಿ ಚೀಲದ ಜಿಪ್ಪು ಎಳೆದಳು, ಮತ್ತೆ ತೆರೆದಳು.

"ನಿನ್ನೆ ನಾ ಬಂದಾಗ ಸಂಜಿ ಆರು. ನೀ ಡ್ಯೂಟಿಮ್ಯಾಲ ಇದ್ದಿ. ಎಷ್ಟು ದಿನದಿಂದ ಸಂಜೀ ಪಾಳಿ?"

"ಮೂರ ವಾರ ಆತು. ಎರಡರಿಂದ ಒಂಬತ್ತು."

"ಅಂದ್ರ ಸೋಮವಾರ ಎಂಟಕ್ಕ ನೀ ರಾಯಚೂರಿನಾಗ ಯಾರದೋ ರಕ್ತ ತಗೀತಿದ್ದಿ."

"ನಮ್ಮ ಲ್ಯಾಬಿನ ಮಾನಮ್ಮ ಅದಾಳ. ಪಾಳಿ ಬದಲ್ ಮಾಡ್ಕೊಂಡಿದ್ವಿ ಅಂತ ಹೇಳ್ತಾಳ. ರಿಜಿಸ್ಟರ್ ನಾ ನೋಡ್ಕೋತೀನಿ."

"ಅದು ನಿನ್ನ ಮಾತಾತು. ನಾ ಅವನ ಮಾತು ಕೇಳಾಕತ್ತೀನಿ." ಅನ್ವರಿ ಫೋನನ್ನು ಅವಳ ತೊಡೆಯ ಮೇಲಿಟ್ಟಳು. "ನಿನ್ನ ಪಾಳಿ ಬದಲಾಗ್ಯಾದ ಅಂತ ಅವನಿಗೆ ಗೊತ್ತದ ಏನು?"

ಮೌನೇಶ್ವರಿ ಫೋನನ್ನು ಬೋರಲು ಹಾಕಿದಳು.

ಅವನಿಗೆ ಗೊತ್ತಿರಲಿಲ್ಲ. ಅವನು ಮಾತು ಬಿಟ್ಟಾಗ ಅವಳದು ಬೆಳಗಿನ ಪಾಳಿ, ಸಂಜೆ ಬಿಡುವು. ಆ ಹಳೇ ಲೆಕ್ಕ ಹಿಡಿದೇ ಅವನು ಆ ಸಂಜೆಯ ಸಾಕ್ಷಿಗೆ ಅವಳನ್ನು ಆರಿಸಿದ್ದ. ಐದು ದಿನದಲ್ಲಿ, ಹೂವಿನ ಚಿತ್ರಗಳ ನಡುವೆ, ಆ ಇಪ್ಪತ್ತೆರಡು ನಿಮಿಷದಲ್ಲಿ, ಅವನು ಒಂದು ಸಲವೂ ಕೇಳಿರಲಿಲ್ಲ: ಈಗ ಡ್ಯೂಟಿ ಯಾವಾಗ? ಹೆಂಗಿದ್ದೀ? ಅವ್ವನ ಕಣ್ಣಿನ ಆಪರೇಷನ್ ಆತೇನು? ಅವಳೂ ಹೇಳಿರಲಿಲ್ಲ. ಹೇಳಿದರೆ ಅವನ ಸೋಮವಾರದ ಕತೆ ಕೆಡುತ್ತದೆ, ಅವನು ಮತ್ತೆ ಹೋದಾನು ಎಂಬ ಭಯ.

ಅಳು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದೊಂದು ಬಂತು. ಹಾಗಾದರೆ ಆ ನಲವತ್ತೊಂದು ದಿನ ಯಾರಿಗೆ ಕೊಟ್ಟ?

"ಅವಳಿಗೇ," ಎಂದಳು ಹಲ್ಲು ಕಚ್ಚಿ.

"ಯಾರಿಗೆ?"

"ಆ ಸಾಹುಕಾರ್ರ ಮಗಳಿಗೆ."

"ಹಾಂ. ಆಕೀನೂ ಬರ್ತಾಳ," ಎಂದು ಅನ್ವರಿ ಕಣ್ಣು ಮುಚ್ಚಿಕೊಂಡಳು. "ನಾನೇ ಕರದೀನಿ."

ಮಾನ್ವಿ ಠಾಣೆಯ ಎದುರಿನ ಚಹಾದಂಗಡಿಯಲ್ಲಿ ಕಾವ್ಯಾ ಆಗಲೇ ಕೂತಿದ್ದಳು. ಹತ್ತೂ ಕಾಲು. ಮುಂದಿದ್ದ ಮಿರ್ಚಿ ತಣ್ಣಗಾಗಿತ್ತು. ಲ್ಯಾಬಿನಲ್ಲಿ ರಕ್ತ ತೆಗೆದಾಗ ಮೌನೇಶ್ವರಿ ಅವಳ ತೋಳೊಂದನ್ನೇ ನೋಡಿದ್ದಳು; ಈಗ ನೋಡಿದರೆ ಫೋಟೊದಲ್ಲಿ ಕಾಣುವುದಕ್ಕಿಂತ ಕುಳ್ಳಿ. ಮೌನೇಶ್ವರಿಗೆ ಅದರಿಂದ ಸಮಾಧಾನವಾಯಿತು. ಮರುಕ್ಷಣ ಅವಳ ಕಣ್ಣು ಚೆನ್ನಾಗಿವೆ ಎಂದು ಕಂಡು ಆ ಸಮಾಧಾನ ಹೋಯಿತು.

"ನೀನೇ ಏನು ಲ್ಯಾಬಿನಾಕಿ?" ಎಂದಳು ಕಾವ್ಯಾ.

"ನೀವೇ ಏನು ಮಿಲ್ಲಿನಾಕಿ?"

"ಮಾತು ಭಾಳ ಚುರುಕದ."

"ಸೂಜಿನೂ ಚುರುಕದ. ನಿಮಗ ನಾನೇ ಚುಚ್ಚೀನಿ, ಮರತೀರಿ."

"ಓ! ಅದಕ್ಕ ಎರಡ ದಿನ ಕೈ ಬಾತಿತ್ತು."

"ಸಾಕು," ಎಂದಳು ಅನ್ವರಿ ನಡುವೆ ಕುರ್ಚಿ ಎಳೆದುಕೊಂಡು. "ಕಾವ್ಯಾ, ನೀ ಆಸ್ಪತ್ರಿಗೆ ಬಂದು ನನ್ನ ತಮ್ಮನ ಕೈ ಹಿಡಕೊಂಡು ಅತ್ತೀ. ಆ ಋಣ ನನಗದ. ಅದಕ್ಕ ಮರ್ಯಾದಿಲೆ ಕೇಳ್ತೀನಿ. ಆನಂದ ನಿನಗ ಏನಾಗಬೇಕು?"

ಕಾವ್ಯಾ ಗ್ಲಾಸನ್ನು ಮೇಜಿನ ಮೇಲೆ ತಿರುಗಿಸಿದಳು. "ಮಾತಾಡ್ತಿದ್ವಿ. ಮಿಲ್ಲಿಗೆ ಬರಾಂವ. ಆಮ್ಯಾಲ ಬಿಟ್ಟ. ಈಕಿ ಸಿಕ್ಕಳಲ್ಲ."

"ಯಾರು, ನಾನಾ?" ಮೌನೇಶ್ವರಿಯ ದನಿ ಏರಿತು. "ನಲವತ್ತೊಂದು ದಿನ ನನಗ ಒಂದ ಹಾಯ್ ಇಲ್ಲ! ನಿಮ್ಮ ಜೊತಿಗೆ ರಾತ್ರಿ ಹತ್ತು ಹದಿನಾಕಕ್ಕ ಆನ್‌ಲೈನ್ ಇರ್ತಿದ್ದ!"

"ಹತ್ತು ಹದಿನಾಕಕ್ಕ ನಾ ಅವನ ಚಾಟ್ ತಗದು ಕುಂದರತಿದ್ದೆ, ಅವ ಆನ್‌ಲೈನ್ ಬರ್ತಾನೇನಂತ. ನಿನ್ನ ಜೊತಿಗೆ ಮಾತಾಡಾಕತ್ತಾನ ಅಂತ ನನ್ನ ಹೊಟ್ಟಿ ಉರೀತಿತ್ತು!"

ಚಹಾದವನು ಸಕ್ಕರೆ ಹಾಕುವುದನ್ನು ನಿಲ್ಲಿಸಿ ನೋಡಿದ.

"ಫೋನ್ ಬದಲ್ ಮಾಡ್ಕೋರಿ," ಎಂದಳು ಅನ್ವರಿ. "ಇಬ್ಬರೂ. ಈಗ."

ಕಾವ್ಯಾಳ ಫೋನು ಬೆಚ್ಚಗಿತ್ತು. ಮೌನೇಶ್ವರಿ ಆನಂದನ ಹೆಸರು ಒತ್ತಿದಳು. ಅಲ್ಲಿಯೂ ಅದೇ ಗೋಡೆ. ಕಾವ್ಯಾಳ ಉದ್ದುದ್ದ ಸಾಲುಗಳು, ನೀಲಿ ಗೆರೆಗಳು, ಕೆಳಗೆ ಕಾವ್ಯಾಳದೇ ಇನ್ನೊಂದು ಸಾಲು, ಅದರ ಕೆಳಗೆ ಕೇಳಿ ಕೇಳಿ ಸಣ್ಣದಾದ ಒಂದು ಪ್ರಶ್ನೆ. ತಾನು ಬರೆದವೇ ಅನ್ನಿಸುವಂಥವು. ಆಮೇಲೆ ಖಾಲಿ. ಆಮೇಲೆ ಗುರುವಾರ.

ಏನ್ರೀ ಮೇಡಂ, ಮರತೇ ಬಿಟ್ರೇನು?

ಮೂರು ಗಂಟೆ ಒಂಬತ್ತು ನಿಮಿಷ.

ತನಗೆ ಬಂದದ್ದು ಮೂರು ಹತ್ತಕ್ಕೆ. ಅಕ್ಷರ ಅಕ್ಷರ ಅದೇ. ಅದಕ್ಕೆ ಮೊದಲು ಸಿಟ್ಟು ಬರಬೇಕಿತ್ತು. ಆದರೆ ಮೌನೇಶ್ವರಿಯ ಎದೆಗೆ ಮೊದಲು ಚುಚ್ಚಿದ್ದು ಆ ಒಂದು ನಿಮಿಷ. ಅವಳಿಗೆ ಮೊದಲು. ತನಗೆ ಆಮೇಲೆ. ತನ್ನ ಮನಸ್ಸು ಇಂಥಾದ್ದು ಎಂದು ತಿಳಿದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನಿನಗೂ ಗುಲಾಬಿ ಹೂವಾ?" ಎಂದಳು ಕಾವ್ಯಾ ತಲೆ ಎತ್ತದೆ.

"ಹೂಂ."

"ನನಗ ಸೂರ್ಯಕಾಂತಿ." ಕಾವ್ಯಾ ಮೂಗು ಒರೆಸಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ನಿನ್ನ ಜೊತಿಗೆ ಅದಾನ ಅಂತ ನಾನು. ನನ್ನ ಜೊತಿಗೆ ಅದಾನ ಅಂತ ನೀನು. ಇಬ್ಬರಿಗೂ ಇರಲಿಲ್ಲಲ್ಲೇ ಅವ."

ಮೌನೇಶ್ವರಿ ಫೋನು ಕೆಳಗಿಟ್ಟಳು. "ಖಾಲಾ, ನಾ ಸುಳ್ಳು ಹೇಳೂದಿಲ್ಲ. ಸೋಮವಾರ ಅವ ನಮ್ಮನಿಗೆ ಬಂದಿಲ್ಲ. ಈ ಚಾಟೇ ತೋರಸ್ತೀನಿ. ಮೂವತ್ತೆಂಟು ದಿನದಿಂದ ಮಾತು ಬಿಟ್ಟಾಂವ ಆವತ್ತೇ ಹೆಂಗ ಬರ್ತಾನ? ಅದಕ್ಕ ಅಳಸು ಅಂದಾನ."

ಅನ್ವರಿ ಅವಳ ಕೈಯನ್ನು ಒಂದು ಸಲ ಒತ್ತಿದಳು. ಆಮೇಲೆ ಕಾವ್ಯಾಳ ಕಡೆ ತಿರುಗಿದಳು. "ನಿನಗೂ ಸೋಮವಾರದ್ದೇ ಹೇಳು ಅಂದಾನೇನು?"

"ಇಲ್ಲ," ಎಂದಳು ಕಾವ್ಯಾ. "ಬುಧವಾರದ್ದು."

"ಯಾವ ಬುಧವಾರ?"

"ಹೋದ ಬುಧವಾರ. ಸಂಜಿ ನೀರಮಾನ್ವಿ ಎಲ್ಲಮ್ಮನ ಗುಡಿಗೆ ಇಬ್ಬರೂ ಹೋಗಿದ್ವಿ, ಯಾರಾದ್ರೂ ಕೇಳಿದ್ರ ಹಂಗ ಹೇಳು ಅಂದ. ಯಾರೂ ಕೇಳೇ ಇಲ್ಲ."

ಅನ್ವರಿಯ ಬಾಯಲ್ಲಿ ಎಲೆ ಅಗಿಯುವುದು ನಿಂತಿತು. "ಸೋಮವಾರ ನನ್ನ ತಮ್ಮಗ ಹೊಡದ್ರು. ಅವ ಸೋಮವಾರ ಆದ್ಮ್ಯಾಲ ಮೆಸೇಜ್ ಮಾಡಲಿಲ್ಲ, ಮಂಗಳವಾರನೂ ಮಾಡಲಿಲ್ಲ. ಬುಧವಾರ ಆದ ಮರುದಿನ ಮಾಡ್ಯಾನ, ಅದೂ ಇಬ್ಬರಿಗೂ. ಬುಧವಾರ ಏನಾತು ಮಿಲ್ಲಿನಾಗ?"

"ಏನೂ ಇಲ್ಲ. ಅಪ್ಪಾಜಿ ಕಲಬುರಗಿಗೆ ಹೋಗಿದ್ರು. ಮುನೀಮ ಶೇಖರಣ್ಣ ಒಬ್ಬನೇ ಇದ್ದ. ಆವತ್ತು ಸಂಜಿ ಅವನೂ ಹೈದರಾಬಾದಿಗೆ ಹೋದ, ಮಷಿನ್ ಸಾಮಾನು ತರಾಕ."

"ಬಂದನೇನು?"

"ಇನ್ನೂ ಇಲ್ಲ. ಮೆಸೇಜ್ ಮಾಡ್ತಾನ, ತಡ ಆಗ್ತದ ಅಂತ." ಹೇಳುತ್ತಲೇ ಕಾವ್ಯಾಳ ದನಿ ಸಣ್ಣದಾಯಿತು. "ಬರದು ಕಳಸ್ತಾನ."

"ಅದರಾಗೇನು?"

"ಶೇಖರಣ್ಣಗ ಫೋನಿನ್ಯಾಗ ಬರಿಯಾಕ ಬರೂದಿಲ್ಲ. ಯಾವಾಗಲೂ ಮಾತಾಡೇ ಕಳಸ್ತಿದ್ದ."



"ಹಚ್ಚು ಫೋನು," ಎಂದಳು ಅನ್ವರಿ.

ಕಾವ್ಯಾ ತನ್ನ ಫೋನು ಎತ್ತಿಕೊಂಡು ಶೇಖರಣ್ಣನ ನಂಬರು ಒತ್ತಿದಳು. ರಿಂಗ್ ಹೋಗತೊಡಗಿತು.

ಅದೇ ಹೊತ್ತಿಗೆ ರಸ್ತೆಯ ಆಚೆ, ಠಾಣೆಯ ಬೇವಿನ ಮರದ ಕೆಳಗೆ ಒಂದು ಬೈಕು ನಿಂತಿತು. ಆನಂದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಅವನು ಮೇಲುಜೇಬಿನಿಂದ ತನ್ನ ಫೋನು ತೆಗೆದು ನೋಡಿದ, ಮತ್ತೆ ಇಟ್ಟ. ಆಮೇಲೆ ಪ್ಯಾಂಟಿನ ಜೇಬಿಗೆ ಕೈಹಾಕಿ ಇನ್ನೊಂದು ಫೋನು ತೆಗೆದ. ಕರೆ ಕಟ್ ಮಾಡಿದ.

ಕಾವ್ಯಾಳ ಕೈಯಲ್ಲಿ ರಿಂಗ್ ನಿಂತಿತು. ಅವನ ಬೆರಳು ಪರದೆಯ ಮೇಲೆ ಸರಸರ ಆಡಿತು. ಇಲ್ಲಿ ಕಾವ್ಯಾಳ ಫೋನು ಟಣ್ ಎಂದಿತು.

ಕೆಲಸದಾಗ ಅದೀನಿ ಅಕ್ಕೋರ, ಆಮ್ಯಾಲ ಮಾಡ್ತೀನಿ.

ಕಾವ್ಯಾ ಕೂಗದಂತೆ ಅನ್ವರಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ಆಚೆ ಆನಂದ ಆ ಫೋನನ್ನು ಬೈಕಿನ ಪಕ್ಕದ ಡಬ್ಬಿಯಲ್ಲಿಟ್ಟು ಕೀಲಿ ತಿರುಗಿಸಿದ.

"ಅವ ಈ ಅಂಗಡಿ ಒಳಗ ಬರಬಾರದು," ಎಂದು ಅನ್ವರಿ ಪಿಸುಗುಟ್ಟಿದಳು. "ಆ ಡಬ್ಬಿ ಬಿಟ್ಟು ಅವ ದೂರ ಹೋಗಬಾರದು. ನಾ ಅಂಗಡಿ ಹಿಂದಿನ ಬಾಗಿಲಿಂದ ಸುತ್ತು ಹಾಕಿ ಠಾಣೆಗೆ ಹೋಗಿ ಎಸ್‌ಐ ಸಾಹೇಬರನ್ನ ಕರಕೊಂಡು ಬರ್ತೀನಿ. ಐದ ನಿಮಿಷ."

"ನಾ ನಿಲ್ಲಸ್ತೀನಿ," ಎಂದಳು ಮೌನೇಶ್ವರಿ. ತನ್ನ ಫೋನನ್ನು ಅನ್ವರಿಯ ಕೈಗೆ ತುರುಕಿದಳು. "ಇದು ನಿಮ್ಮ ಹತ್ರ ಇರಲಿ. ಇದೊಂದು ಅಳಿಸಬಾರದು."

ಅವಳು ರಸ್ತೆ ದಾಟಿದಳು. ಆನಂದ ಅವಳನ್ನು ಕಂಡು ನಕ್ಕ. ಅದೇ ನಗು, ಅದು ಇನ್ನೂ ಹಿಡಿಸುತ್ತದೆ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಬಂದ್ಯಾ? ನಂಗ ಗೊತ್ತಿತ್ತು ಬರ್ತಿ ಅಂತ."

"ನೀ ಕರದ್ರ ಬರದೇ ಇರ್ತೀನೇನು?"

"ಚಾಟ್ ಅಳಸಿದೆಲ್ಲ?"

"ಅಳಸೀನಿ."

"ಶಾಣ್ಯಾಕಿ." ಅವನು ಕೈ ಚಾಚಿದ. "ಎಲ್ಲಿ, ಫೋನ್ ಕೊಡು. ಒಂದ್ಸಲ ನೋಡಿ ಕೊಡ್ತೀನಿ."

ಮೌನೇಶ್ವರಿಯ ಎರಡೂ ಕೈ ಖಾಲಿ. "ಮನ್ಯಾಗ ಬಿಟ್ಟು ಬಂದೀನಿ," ಎಂದಳು.

"ಹೌದಾ?" ಆನಂದನ ನಗು ಹಾಗೇ ಇತ್ತು. ಅವನು ತನ್ನ ಫೋನು ತೆಗೆದು ಅವಳ ನಂಬರು ಒತ್ತಿದ.

ಅವಳ ಬೆನ್ನ ಹಿಂದೆ, ಅನ್ವರಿ ಇನ್ನೂ ಹಿಂದಿನ ಬಾಗಿಲು ದಾಟಿರದ ಚಹಾದಂಗಡಿಯೊಳಗೆ, ಅವಳದೇ ಫೋನು ರಿಂಗಾಗತೊಡಗಿತು.